ಏಜೆಂಟನ ಫೀಸೂ ಜಮೀನಿನ ಮೇಲಿನ ಸಾಲವೇ



ಗಲ್ಫ್ ದೇಶ ಅಂದರೆ ಮಂಗಳೂರು, ಉಡುಪಿ, ಭಟ್ಕಳದವರ ಮಾತು ಅಂತ ನಾವು ತಿಳಿದಿದ್ದ ಕಾಲ ಒಂದಿತ್ತು. ಪೂರಿಗಾಲಿಯ ಹುಡುಗ ದುಡಿಯೋಕೆ ಹೊರಟರೆ ಮಳವಳ್ಳಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದ. ಈಗ ಸೌದಿ, ದುಬೈ, ಕತಾರ್ ಮಾತು ನಮ್ಮ ಟೀ ಅಂಗಡಿಗೂ ಬಂದಿದೆ. "ಎರಡು ವರ್ಷ ಹೋಗಿ ಬರಲಿ, ಸಾಲ ತೀರಿ ಹೋಗುತ್ತೆ" ಅಂತ ತಂದೆಯಾದವನೇ ಮಗನನ್ನು ಹೊರಡಿಸುತ್ತಾನೆ. ಹೋಗಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ. ಕಬ್ಬಿನ ಬಾಕಿಗೆ ತಿಂಗಳುಗಟ್ಟಲೆ ಕಾಯುವ, ಗೂಡಿನ ಬೆಲೆ ಬಿದ್ದಾಗ ಕೈಕಟ್ಟಿ ಕೂರುವ ಮನೆಯ ಹುಡುಗ ಹೊರಗೆ ದುಡಿಯೋಕೆ ನೋಡುವುದು ತಪ್ಪಲ್ಲ. ಆದರೆ ಹೋಗುವುದಕ್ಕೆ ಮೊದಲು ಏಜೆಂಟನಿಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತೆ? ಒಡವೆ ಗಿರವಿ ಇಟ್ಟು, ಜಮೀನು ಭೋಗ್ಯಕ್ಕೆ ಹಾಕಿ, ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಕೊಡುತ್ತೇವೆ. ಆದ್ದರಿಂದ ಇದು ಹುಡುಗನ ಕೆಲಸದ ವಿಚಾರ ಮಾತ್ರ ಅಲ್ಲ, ರೈತನ ಸಾಲದ ವಿಚಾರ. ಸಹಿ ಹಾಕುವ ಮೊದಲು ಲೆಕ್ಕ ಹಾಕಿ ಅಂತ ಹೇಳುವುದಕ್ಕೇ ಈ ಬರಹ.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವವನು 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ. ಆ ಮಿತಿ 30,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಎಲ್ಲಾ ಸೇರಿ 35,400 ರೂಪಾಯಿ. ಇದಕ್ಕೆ ರಸೀದಿ ಕೊಡಲೇಬೇಕು. ಅತ್ತ ಸೌದಿಯ ಕಾರ್ಮಿಕ ಕಾನೂನಿನ 40ನೇ ಕಲಮು, ನೇಮಕಾತಿಯ ಖರ್ಚು, ಅಲ್ಲಿನ ವಾಸದ ಪರವಾನಗಿ ಅಂದರೆ ಇಕಾಮಾದ ಖರ್ಚು, ಕೆಲಸ ಮುಗಿದ ಮೇಲೆ ವಾಪಸು ಬರುವ ಟಿಕೆಟು, ಇವೆಲ್ಲಾ ಮಾಲೀಕನ ಹೊಣೆ ಅನ್ನುತ್ತೆ. ದುಬೈ ಸೇರಿದ ಯು.ಎ.ಇ.ಯ 2021ರ ಕಾನೂನೂ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕಬಾರದು ಅನ್ನುತ್ತೆ. ಹಾಗಿದ್ದ ಮೇಲೆ "ವೀಸಾ ದುಡ್ಡು ಒಂದು ಲಕ್ಷ, ಟಿಕೆಟು ಬೇರೆ" ಅಂತ ಕೇಳುವವನು ಯಾವ ಲೆಕ್ಕದಲ್ಲಿ ಕೇಳುತ್ತಾನೆ? ಮಾಲೀಕ ಕೊಡಬೇಕಾದ್ದನ್ನು ನಮ್ಮ ಹೊಲದಿಂದ ವಸೂಲಿ ಮಾಡುತ್ತಾನೆ.

ಈಗ ಒಂದು ಲೆಕ್ಕ ಹಾಕೋಣ. ಇದು ಯಾರ ಮನೆಯ ಕತೆಯೂ ಅಲ್ಲ, ಉದಾಹರಣೆಗೆ ಇಟ್ಟುಕೊಂಡಿದ್ದು. ಏಜೆಂಟು ಒಂದೂವರೆ ಲಕ್ಷ ಕೇಳಿದ. ಸೌದಿಯಲ್ಲಿ ತಿಂಗಳಿಗೆ 1,500 ರಿಯಾಲ್ ಅಂದ. ರಿಯಾಲಿನ ಬೆಲೆ ಏರಿಳಿಯುತ್ತೆ, ಲೆಕ್ಕಕ್ಕೆ 23 ರೂಪಾಯಿ ಅಂತ ಇಟ್ಟುಕೊಂಡರೆ 34,500 ರೂಪಾಯಿ ಆಯಿತು. ಅಪ್ಪ ಮೂರು ರೂಪಾಯಿ ಬಡ್ಡಿಗೆ ಸಾಲ ತಂದ. ತಿಂಗಳಿಗೆ ಬಡ್ಡಿಯೇ 4,500. ಹುಡುಗ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಕರಾರಿನಲ್ಲಿ ಇರುವುದು 1,000 ರಿಯಾಲ್, ಉಳಿದ 500 ಓವರ್‌ಟೈಮ್ ಸಿಕ್ಕಿದರೆ ಮಾತ್ರ. ಊಟ ಅವನದೇ. ಊಟಕ್ಕೆ 300, ಫೋನು ಮತ್ತಿತರ ಖರ್ಚಿಗೆ 100 ರಿಯಾಲ್ ಹೋದರೆ ಕೈಯಲ್ಲಿ ಉಳಿಯುವುದು 600 ರಿಯಾಲ್, ಅಂದರೆ 13,800 ರೂಪಾಯಿ.

ಕಾಗದಪತ್ರ ಆಗುವ ತನಕ ಮೊದಲ ಎರಡು ತಿಂಗಳು ಸಂಬಳ ಬರಲಿಲ್ಲ ಅನ್ನಿ. ಸಾಲ 1,59,000 ಆಯಿತು. ಆಮೇಲೆ ತಿಂಗಳಿಗೆ 13,800 ಬರುತ್ತೆ. ಮನೆಖರ್ಚಿಗೆ 5,000 ತೆಗೆದರೆ ಸಾಲಕ್ಕೆ ಕಟ್ಟುವುದು 8,800. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಮೊದಲು ಬಡ್ಡಿಗೇ ಹೋಗುತ್ತೆ. ಹೀಗೆ 22 ತಿಂಗಳು ಒಂದು ತಿಂಗಳೂ ತಪ್ಪದೆ ಕಟ್ಟಿದರೂ, ಎರಡು ವರ್ಷದ ಕರಾರು ಮುಗಿಯುವ ದಿನ ಸುಮಾರು 36,000 ರೂಪಾಯಿ ಸಾಲ ಬಾಕಿ ಇರುತ್ತೆ. ಹಳೆಯ ಸಾಲ ತೀರಿಸೋಕೆ ಹೋದ ಹುಡುಗ ಹೊಸ ಸಾಲದ ಬಾಲ ಹಿಡಿದುಕೊಂಡು ಊರಿಗೆ ಬರುತ್ತಾನೆ. ಹಳೆಯದು ಇದ್ದಲ್ಲೇ ಇರುತ್ತೆ.

ಅದೇ ಹುಡುಗ, ಅದೇ ಸಂಬಳ, ಅದೇ ಬಡ್ಡಿ. ಏಜೆಂಟನಿಗೆ ಕೊಟ್ಟಿದ್ದು ಮಾತ್ರ ಕಾನೂನಿನ 35,400 ಅಂತ ಇಟ್ಟುಕೊಳ್ಳಿ. ಎರಡು ತಿಂಗಳ ಬಡ್ಡಿ ಸೇರಿ ಸುಮಾರು 37,500 ಆಗುತ್ತೆ. ತಿಂಗಳಿಗೆ 8,800 ಕಟ್ಟಿದರೆ ಐದು ಕಂತಿನಲ್ಲಿ ಚುಕ್ತಾ. ಉಳಿದ ಒಂದೂಕಾಲು ವರ್ಷಕ್ಕೂ ಹೆಚ್ಚಿನ ದುಡಿಮೆ ಮನೆಯದು. ಹುಡುಗನ ಬೆವರಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಏಜೆಂಟನ ಫೀಸಿನಲ್ಲಿ.

ಹಾಗಾದರೆ ಹೇಗೆ ನೋಡಿಕೊಳ್ಳುವುದು? ಮೊದಲನೆಯದು, ದುಡ್ಡು ಕೇಳುವವನು ಯಾರು ಅಂತ. ಹಳ್ಳಿಗೆ ಬರುವವನು ಸಾಮಾನ್ಯವಾಗಿ ನೋಂದಣಿ ಇರುವ ಏಜೆಂಟಲ್ಲ, ಅವನ ಹೆಸರು ಹೇಳಿಕೊಂಡು ತಿರುಗುವ ಸಬ್ ಏಜೆಂಟು. ನಮ್ಮವನೇ, ನೆಂಟನೇ ಇರಬಹುದು. ಅವನಿಗೆ ದುಡ್ಡು ತೆಗೆದುಕೊಳ್ಳುವ ಅಧಿಕಾರ ಇಲ್ಲ. "ಏನಪ್ಪಾ, ನಿನ್ನ ಕಂಪನಿಯ ನೋಂದಣಿ ನಂಬರು ಕೊಡು" ಅಂತ ಕೇಳಿ. ಮಕ್ಕಳ ಫೋನಿನಲ್ಲೇ emigrate.gov.in ತೆಗೆದರೆ ನೋಂದಣಿ ಆದ ಏಜೆಂಟರ ಪಟ್ಟಿ ಸಿಗುತ್ತೆ. ಹೆಸರು ಇದ್ದರೆ ಸಾಲದು, ನೋಂದಣಿ ಚಾಲ್ತಿಯಲ್ಲಿದೆಯೋ, ಅವಧಿ ಮುಗಿದಿದೆಯೋ ನೋಡಬೇಕು. ಇನ್ನೊಂದು ಮೋಸ ಇದೆ. ಬೇರೆಯವರ ನಂಬರನ್ನು ತನ್ನ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡಿರುತ್ತಾನೆ. ಅದಕ್ಕೇ ಅವನು ಕೊಟ್ಟ ಫೋನಿಗೆ ಮಾಡಬೇಡಿ. ಪಟ್ಟಿಯಲ್ಲಿರುವ ಫೋನಿಗೆ ಮಾಡಿ, "ಇಂಥವನು ನಿಮ್ಮವನೇನು, ಇಂಥ ಕಂಪನಿಗೆ ನೀವು ಜನ ಕಳಿಸುತ್ತಿದ್ದೀರೇನು" ಅಂತ ಕೇಳಿ. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಕರಾರು. ದುಡ್ಡು ಕೊಟ್ಟ ಮೇಲೆ ಕರಾರು ನೋಡುವುದಲ್ಲ, ಕರಾರು ನೋಡಿ ಆಮೇಲೆ ದುಡ್ಡು. ಅದರಲ್ಲಿ ಮಾಲೀಕನ ಹೆಸರು, ಊರು, ಕೆಲಸದ ಹೆಸರು ಇರಬೇಕು. ಸಂಬಳದಲ್ಲಿ ಮೂಲ ವೇತನ ಎಷ್ಟು ಅನ್ನುವುದನ್ನು ಬೇರೆಯಾಗಿ ನೋಡಿ. ಓವರ್‌ಟೈಮ್, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಎಲ್ಲದಕ್ಕೂ ಸಂಬಳವೇ ಬುಡ. ಬುಡ ಸಣ್ಣದಾದರೆ ಮೇಲಿನದೆಲ್ಲಾ ಸಣ್ಣದು. ದಿನಕ್ಕೆ ಎಷ್ಟು ಗಂಟೆ, ವಾರದ ರಜೆ, ಊಟ ಯಾರದು, ವಾಸ ಯಾರದು, ವಾಪಸು ಟಿಕೆಟು ಯಾರದು, ಇಷ್ಟೂ ಬರಹದಲ್ಲಿರಬೇಕು. "ಅದೆಲ್ಲಾ ಅಲ್ಲಿಗೆ ಹೋದ ಮೇಲೆ ಮಾತಾಡಿಕೊಳ್ಳೋಣ" ಅನ್ನುವ ಕರಾರು ಕರಾರಲ್ಲ. ಅಲ್ಲಿ ಇಳಿದ ಮೇಲೆ ಅರಬ್ಬಿ ಭಾಷೆಯ ಇನ್ನೊಂದು ಕಾಗದಕ್ಕೆ ಸಹಿ ಕೇಳುವುದೂ ಉಂಟು. ಇಲ್ಲಿ ಸಹಿ ಹಾಕಿದ್ದರ ಒಂದು ನಕಲು ಮನೆಯಲ್ಲಿ ಇರಲಿ, ಫೋಟೋ ಹುಡುಗನ ಫೋನಿನಲ್ಲಿರಲಿ. ಮುಂದೆ ರಾಯಭಾರ ಕಚೇರಿಗೆ ದೂರು ಕೊಡುವಾಗ ಕೈಗೆ ಸಿಗುವ ಆಧಾರ ಅದೊಂದೇ.

ಮೂರನೆಯದು ವೀಸಾ. "ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸಿ ಕೊಡ್ತೀವಿ" ಅಂದರೆ ಎದ್ದು ಬನ್ನಿ. ವಿಸಿಟ್ ವೀಸಾದವನು ಆ ದೇಶದ ಕಣ್ಣಿಗೆ ನೆಂಟ, ಕೆಲಸಗಾರನಲ್ಲ. ಸಂಬಳ ಕೊಡದಿದ್ದರೆ ಅವನು ದೂರು ಕೊಡೋಕೆ ಹೋದರೆ ಅವನದೇ ತಪ್ಪಾಗುತ್ತೆ. ವೀಸಾದಲ್ಲಿ ಬರೆದ ಕೆಲಸವೂ ಕರಾರಿನ ಕೆಲಸವೂ ಒಂದೇ ಇರಬೇಕು. ಅಂಗಡಿ ಕೆಲಸ ಅಂತ ಹೇಳಿ ಮನೆ ಡ್ರೈವರ್ ಅಥವಾ ಕುರಿ ಕಾಯುವವನ ವೀಸಾ ಕೊಟ್ಟರೆ ಅದು ಹೆಸರಿನ ವ್ಯತ್ಯಾಸ ಮಾತ್ರ ಅಲ್ಲ. ಸೌದಿಯಲ್ಲಿ ಮನೆಗೆಲಸದವರು, ಕುರಿ ಕಾಯುವವರು ಸಾಮಾನ್ಯ ಕಾರ್ಮಿಕ ಕಾನೂನಿನಿಂದ ಹೊರಗೆ, ಅವರಿಗೆ ಬೇರೆಯೇ ನಿಯಮ.

ಇಲ್ಲಿ ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ ಒಂದು ಮಾತಿದೆ. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಅನ್ನುವ ಮುದ್ರೆ ಇರುತ್ತೆ. ಅವನು ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಆಗ ಅಧಿಕಾರಿ ಅವನ ಕರಾರು ನೋಡುತ್ತಾನೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಆಗುತ್ತೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಅದರಲ್ಲಿ 10 ಲಕ್ಷ ರೂಪಾಯಿ ಸಿಗುತ್ತೆ. ಎಸ್.ಎಸ್.ಎಲ್.ಸಿ. ಪಾಸಾದವನಿಗೆ ಈ ಅನುಮತಿ ಬೇಕಿಲ್ಲ. ಅದು ಅನುಕೂಲ ಅಂತ ನಾವು ತಿಳಿದಿದ್ದೇವೆ. ನಿಜವಾಗಿ ನೋಡಿದರೆ ಓದಿದ ಹುಡುಗನ ಕರಾರನ್ನು ಯಾರೂ ನೋಡುವುದಿಲ್ಲ ಅಂತ ಅರ್ಥ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಎಸ್.ಎಸ್.ಎಲ್.ಸಿ. ದಾಟಿದವರೇ. ಅವರ ಪಾಲಿಗೆ ಅಧಿಕಾರಿಯ ಕೆಲಸವನ್ನು ಮನೆಯವರೇ ಮಾಡಬೇಕು.

ಓದಿದವರು ಮೋಸ ಹೋಗುವುದಿಲ್ಲ ಅಂತ ಯಾರೂ ತಿಳಿಯಬೇಡಿ. 2019ರಲ್ಲಿ ಮಂಗಳೂರು ಕಡೆಯ ಸುಮಾರು 35 ಯುವಕರು ಏಜೆನ್ಸಿ ಮೂಲಕ ಕುವೈತಿಗೆ ಹೋಗಿ, ಸಂಬಳವಿಲ್ಲದೆ ಸಿಕ್ಕಿಬಿದ್ದರು. ವಿಡಿಯೊ ಮಾಡಿ ಊರಿಗೆ ಕಳಿಸಿದ ಮೇಲೆ ಅವರ ಶಾಸಕರು, ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ, ಅಲ್ಲಿದ್ದ ನಮ್ಮ ಜನ ಸೇರಿ ಬಿಡಿಸಿಕೊಂಡು ಬರಬೇಕಾಯಿತು. ಗಲ್ಫಿನ ಜೊತೆ ಅಷ್ಟು ವರ್ಷದ ಒಡನಾಟ ಇರುವ, ಕೈ ಹಿಡಿಯುವ ಬಂಧುಬಳಗ ಅಲ್ಲೇ ಇರುವ ಊರಿನವರಿಗೇ ಹೀಗಾದರೆ, ಅಲ್ಲಿ ಯಾರೂ ಇಲ್ಲದ ಮಳವಳ್ಳಿ ಹುಡುಗನ ಗತಿ ಏನು?

ಕಾನೂನಿನ ಬಗ್ಗೆಯೂ ಹೇಳಬೇಕು. ಮಿತಿ ಮೀರಿ ಫೀಸು ತೆಗೆದುಕೊಂಡರೆ 1983ರ ಕಾಯ್ದೆಯಲ್ಲಿ ಎರಡು ವರ್ಷದ ತನಕ ಜೈಲು ಇದೆ, ದಂಡ ಎರಡು ಸಾವಿರ ರೂಪಾಯಿ ತನಕ. ಒಂದು ಹುಡುಗನ ಹತ್ತಿರ ಒಂದು ಲಕ್ಷಕ್ಕೂ ಮೀರಿ ಹೆಚ್ಚಿಗೆ ಕಿತ್ತುಕೊಳ್ಳುವವನಿಗೆ ಎರಡು ಸಾವಿರ ದಂಡ! ಈ ದಂಡ ಕಿತ್ತುಕೊಂಡ ದುಡ್ಡಿನಷ್ಟಾದರೂ ಇರಬೇಕು, ಸಬ್ ಏಜೆಂಟು ತೆಗೆದುಕೊಂಡ ಪ್ರತಿ ರೂಪಾಯಿಗೂ ನೋಂದಣಿ ಇರುವ ಏಜೆಂಟೇ ಹೊಣೆ ಆಗಬೇಕು, ಎಸ್.ಎಸ್.ಎಲ್.ಸಿ. ಪಾಸಾದವನ ಕರಾರನ್ನೂ ಸರ್ಕಾರ ನೋಡಬೇಕು. ಇದು ನಮ್ಮ ಒತ್ತಾಯವಾಗಬೇಕು.

ಅದು ಆಗುವ ತನಕ ನಾವು ಸುಮ್ಮನೆ ಕೂರಬೇಕಿಲ್ಲ. ಏಜೆಂಟನಿಗೆ ನಗದು ಕೊಡಬೇಡಿ, ಅವನ ಕಂಪನಿಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ತೆಗೆದುಕೊಳ್ಳಿ. ಖಾತೆ ಬೇಡ, ರಸೀದಿ ಬೇಡ ಅಂದರೆ ಅವನ ಬಂಡವಾಳ ಬಯಲಾಯಿತು ಅಂತಲೇ ತಿಳಿಯಿರಿ. ಅನುಮಾನ ಬಂದರೆ 1800 11 3090 ನಂಬರಿಗೆ ಫೋನು ಮಾಡಿ, ಅದು ಕೇಂದ್ರ ಸರ್ಕಾರದ ಪ್ರವಾಸಿ ಭಾರತೀಯ ಸಹಾಯ ಕೇಂದ್ರ. ದುಡ್ಡು ಹೋಗಿಯೇ ಬಿಟ್ಟಿದ್ದರೆ ರಸೀದಿ, ಬ್ಯಾಂಕ್ ಚೀಟಿ, ಫೋನಿನ ಸಂದೇಶ ಎಲ್ಲಾ ಜೋಡಿಸಿಕೊಂಡು ಠಾಣೆಯಲ್ಲಿ ದೂರು ಕೊಡಿ. ಮೋಸ ಹೋದವನೇ ಕೋರ್ಟಿನಲ್ಲಿ ದೂರು ಹಾಕಿದರೆ ಈ ಕಾಯ್ದೆಯ ಕೆಳಗೆ ಕೇಂದ್ರದ ಅನುಮತಿಗೆ ಕಾಯಬೇಕಿಲ್ಲ.

1980ರ ದಶಕದಲ್ಲಿ ಸಾಲ ವಸೂಲಿ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಕೂಡದು ಅಂತ ನಮ್ಮ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಹಾಕಿದ್ದೆವು. ಗಲ್ಫ್ ಏಜೆಂಟನಿಗೂ ಅಂಥದೇ ಒಂದು ಬೋರ್ಡು ಬೇಕು. ನೋಂದಣಿ ನಂಬರು ತೋರಿಸಿ, ಕರಾರಿನ ನಕಲು ಇಟ್ಟು, 35,400ಕ್ಕೆ ಮೀರಿ ಒಂದು ಪೈಸೆ ಕೇಳುವುದಿಲ್ಲ ಅಂತ ಬರೆದುಕೊಟ್ಟವನು ಮಾತ್ರ ಒಳಗೆ ಬರಲಿ.