ಜೇಬಲ್ಲಿ ಡಾಲರ್ ಇದೆ, ಟೋಲ್‌ಗೆ ಚಿಲ್ಲರೆ ಇಲ್ಲ

ಹೋದ ವಾರ ಊರಿಗೆ ದುಡ್ಡು ಕಳಿಸುವ ದಾರಿಗಳ ಬಗ್ಗೆ ಬರೆದಿದ್ದೆನಲ್ಲ, ಅದರ ಕೆಳಗೆ ನಮ್ಮ ಹುಡುಗರು ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. "ಚಿಕ್ಕಮ್ಮ, ಬ್ಯಾಂಕಿಗೆ ಸುಮ್ಮನೆ ಕಮಿಷನ್ ಯಾಕೆ ಕೊಡ್ತೀರಾ? ಟ್ರಾನ್‌ನಲ್ಲಿ ಯುಎಸ್‌ಡಿಟಿ ಕಳಿಸಿ, ಫೀಸೇ ಇಲ್ಲ!" ಫೀಸೇ ಇಲ್ಲ ಅನ್ನೋದು ಅರ್ಧ ಮಾತು. ಉಳಿದರ್ಧವನ್ನು ನುಂಗಿಕೊಂಡು ಆ್ಯಪ್ ಮಾರುವವರ ಮೇಲೆ ನನಗೆ ಸಿಟ್ಟಿದೆ. ಹಾಗಾಗಿ ಇವತ್ತು ಅದೇ ವಿಷಯ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಯುಎಸ್‌ಡಿಟಿ ಅಂದರೆ ಒಂದು ಡಾಲರಿನ ಬೆಲೆಗೆ ಕಟ್ಟಿಟ್ಟ ಡಿಜಿಟಲ್ ನಾಣ್ಯ. ಅದು ಓಡಾಡುವ ರಸ್ತೆಗಳು ಹಲವಾರು, ಟ್ರಾನ್ ಅದರಲ್ಲಿ ಒಂದು. ಆದರೆ ಈ ರಸ್ತೆಯ ಟೋಲ್‌ನಲ್ಲಿ ಡಾಲರ್ ತಗೊಳ್ಳಲ್ಲ. ಟಿಆರ್‌ಎಕ್ಸ್ ಅನ್ನುವ ಅಲ್ಲಿಯದೇ ನಾಣ್ಯ ಬೇಕು. ಟೋಲ್‌ನಲ್ಲೂ ಎರಡು ಲೆಕ್ಕ. ನಾವು ಕಳಿಸುವ ಸಂದೇಶ ಎಷ್ಟು ಉದ್ದ ಇದೆ ಅನ್ನುವುದಕ್ಕೆ ಬ್ಯಾಂಡ್‌ವಿಡ್ತ್, ಆ ಕೆಲಸ ಮಾಡಿಕೊಡುವ ಪ್ರೋಗ್ರಾಂ ಎಷ್ಟು ದುಡಿಯಬೇಕು ಅನ್ನುವುದಕ್ಕೆ ಎನರ್ಜಿ. ಬ್ಯಾಂಡ್‌ವಿಡ್ತ್ ಪ್ರತಿ ಖಾತೆಗೂ ದಿನಕ್ಕೆ 600 ಪಾಯಿಂಟ್ ಉಚಿತ. ಒಂದು ಸಲ ಯುಎಸ್‌ಡಿಟಿ ಕಳಿಸಲು ಸುಮಾರು 345 ಬೇಕು. ಎನರ್ಜಿ ಮಾತ್ರ ಯಾರಿಗೂ ಬಿಟ್ಟಿ ಸಿಗಲ್ಲ. ಟಿಆರ್‌ಎಕ್ಸ್ ಅನ್ನು ಒತ್ತೆ ಇಟ್ಟು ಪಡೆಯಬೇಕು, ಇಲ್ಲವಾದರೆ ಟಿಆರ್‌ಎಕ್ಸ್ ಸುಟ್ಟು ಕೊಳ್ಳಬೇಕು.

ನನ್ನ ಜೊತೆ ಕೆಲಸ ಮಾಡುವ ನೈಜೀರಿಯಾದ ಒಬ್ಬ ನರ್ಸ್‌ಗೆ ಆದದ್ದನ್ನು ಹೇಳ್ತೀನಿ, ಕೇಳಿಯೇ ಬರೀತಿದ್ದೀನಿ. ಅವಳು ತಿಂಗಳು ತಿಂಗಳು ಲಾಗೋಸ್‌ನಲ್ಲಿರುವ ತಮ್ಮನಿಗೆ ಹೀಗೇ ಕಳಿಸುತ್ತಾಳೆ. ಲೆಕ್ಕದ ಹುಡುಗಿ. ಹಿಂದಿನ ತಿಂಗಳು ಆರೂವರೆ ಟಿಆರ್‌ಎಕ್ಸ್ ಹೋಗಿದ್ದು ನೋಡಿ, ಈ ಸಲ ವಾಲೆಟ್‌ನಲ್ಲಿ 8 ಇಟ್ಟಿದ್ದಳು, ಜೊತೆಗೆ 180 ಯುಎಸ್‌ಡಿಟಿ. ತಮ್ಮ ಫೋನ್ ಬದಲಿಸಿ ಹೊಸ ವಿಳಾಸ ಕೊಟ್ಟಿದ್ದ. ಅದನ್ನು ಹಾಕಿ ಒತ್ತಿದಳು. ಎರಡೇ ನಿಮಿಷದಲ್ಲಿ ಕೆಂಪು ಅಕ್ಷರದಲ್ಲಿ `FAILED`, ಪಕ್ಕದಲ್ಲಿ `OUT_OF_ENERGY`. 180 ಯುಎಸ್‌ಡಿಟಿ ಅಲ್ಲೇ ಇದೆ, 8 ಟಿಆರ್‌ಎಕ್ಸ್ ಮಾತ್ರ ಮಾಯ.

ಆದದ್ದು ಇಷ್ಟು. ಮೊದಲೇ ಯುಎಸ್‌ಡಿಟಿ ಇರುವ ವಿಳಾಸಕ್ಕೆ ಕಳಿಸಿದರೆ ಸುಮಾರು 65 ಸಾವಿರ ಎನರ್ಜಿ ಸಾಕು. ಒಂದು ಯುಎಸ್‌ಡಿಟಿಯೂ ಇಲ್ಲದ ವಿಳಾಸವಾದರೆ ಸುಮಾರು 1 ಲಕ್ಷ 30 ಸಾವಿರ. ಯಾಕೆ ಎರಡು ಪಟ್ಟು ಅಂದರೆ, ಇರುವ ಲೆಕ್ಕವನ್ನು ತಿದ್ದುವುದಕ್ಕಿಂತ ಖಾತೆ ಪುಸ್ತಕದಲ್ಲಿ ಹೊಸ ಸಾಲು ತೆರೆಯುವುದು ಆ ಪ್ರೋಗ್ರಾಂಗೆ ದುಬಾರಿ ಕೆಲಸ. 2025ರ ಆಗಸ್ಟ್ ಕೊನೆಯಲ್ಲಿ ಟ್ರಾನ್ ಎನರ್ಜಿಯ ಬೆಲೆಯನ್ನು ಅರ್ಧಕ್ಕೂ ಕೆಳಗೆ ಇಳಿಸಿತು. ಆ ಬೆಲೆಯಲ್ಲಿ ಒಂದು ಟಿಆರ್‌ಎಕ್ಸ್‌ಗೆ 10 ಸಾವಿರ ಎನರ್ಜಿ. ಅಂದರೆ ಹಳೆಯ ವಿಳಾಸಕ್ಕೆ ಆರೂವರೆ, ಹೊಸದಕ್ಕೆ 13. ಅವಳ 8ಕ್ಕೆ ಸಿಕ್ಕಿದ್ದು 80 ಸಾವಿರ. ಪ್ರೋಗ್ರಾಂ ಶುರುವಾಯಿತು, 80 ಸಾವಿರದವರೆಗೆ ದುಡಿಯಿತು, ಮುಂದೆ ಎನರ್ಜಿ ಇಲ್ಲ, ನಿಂತಿತು. ಮಾಡಿದ ಕೆಲಸವೆಲ್ಲ ರದ್ದು, ಕೂಲಿ ಮಾತ್ರ ವಾಪಸ್ ಇಲ್ಲ. ಅರ್ಧ ದಾರಿಯಲ್ಲಿ ಡೀಸೆಲ್ ಮುಗಿದ ಬಸ್ಸಿನವರು ಟಿಕೆಟ್ ದುಡ್ಡು ಇಟ್ಟುಕೊಂಡು ನಿಮ್ಮನ್ನು ಹತ್ತಿದ ಸ್ಟಾಪಿನಲ್ಲೇ ತಂದು ಇಳಿಸಿದ ಹಾಗೆ.

ಗಾಬರಿಯಲ್ಲಿ ಅವಳು ಮತ್ತೆ ಒತ್ತಿದಳು. ಈ ಸಲ ಚೈನ್‌ನಲ್ಲಿ ದಾಖಲೆಯೇ ಆಗಲಿಲ್ಲ, `Account resource insufficient error` ಅಂತ ಬಂತು. ಇದು ಬೇರೆ ತೊಂದರೆ, ಬ್ಯಾಂಡ್‌ವಿಡ್ತ್‌ನದ್ದು. ಸೋತ ಕಳಿಸುವಿಕೆಯೂ 345 ಪಾಯಿಂಟ್ ತಿಂದಿತ್ತು, ಉಳಿದದ್ದು 255. ಇಲ್ಲಿ ಇದ್ದಷ್ಟು ಬಳಸಿ ಮಿಕ್ಕಿದ್ದಕ್ಕೆ ಕಟ್ಟುತ್ತೇನೆ ಅನ್ನುವ ಹಾಗಿಲ್ಲ. ಉಚಿತ ಪಾಯಿಂಟ್ ಪೂರ್ತಿಗೆ ಸಾಲದಿದ್ದರೆ ಇಡೀ 345ಕ್ಕೂ ಟಿಆರ್‌ಎಕ್ಸ್‌ನಲ್ಲೇ ಕೊಡಬೇಕು. ಅದು 0.345 ಟಿಆರ್‌ಎಕ್ಸ್, ನಮ್ಮ ಲೆಕ್ಕದಲ್ಲಿ ಪುಡಿಗಾಸು. ಅವಳ ಹತ್ತಿರ ಅದೂ ಇರಲಿಲ್ಲವಾದ್ದರಿಂದ ಗೇಟೇ ತೆರೆಯಲಿಲ್ಲ. ಪಾಯಿಂಟ್ 24 ಗಂಟೆಯಲ್ಲಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಆದರೆ ಕಾದರೂ ಪ್ರಯೋಜನವಿಲ್ಲ, ಎನರ್ಜಿ ತಾನಾಗಿ ಬರುವುದಿಲ್ಲವಲ್ಲ. ಕೊನೆಗೆ ಗೆಳತಿಯೊಬ್ಬಳಿಂದ 15 ಟಿಆರ್‌ಎಕ್ಸ್ ತರಿಸಿಕೊಂಡ ಮೇಲೆ ದುಡ್ಡು ಹೋಯಿತು. ಅಷ್ಟು ಹೊತ್ತೂ ಅತ್ತ ತಮ್ಮ ಮನೆ ಬಾಡಿಗೆಯವನಿಗೆ "ಈಗ ಬರುತ್ತೆ" ಅಂತ ಹೇಳುತ್ತಾ ಕೂತಿದ್ದನಂತೆ. ಬಂದ ಮೇಲೂ ಆ ಹೊಸ ವಾಲೆಟ್‌ನಿಂದ ಅದನ್ನು ಅಲುಗಾಡಿಸಲು ಅವನಿಗೂ ಟಿಆರ್‌ಎಕ್ಸ್ ಬೇಕು!

ಕಳೆದುಹೋದದ್ದು ಎರಡು ಮೂರು ಡಾಲರ್ ಅಷ್ಟೇ, ಅದಕ್ಕೆ ಇಷ್ಟುದ್ದ ಬರೀಬೇಕಾ ಅನ್ನಬಹುದು. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ. ಈ ಕಳಿಸುವಿಕೆಗೆ ಎಷ್ಟು ಎನರ್ಜಿ ಬೇಕಾಗುತ್ತದೆ ಅಂತ ವಾಲೆಟ್ ಆ್ಯಪ್ ಮುಂಚೆಯೇ ನೆಟ್‌ವರ್ಕ್ ಅನ್ನು ಕೇಳಬಹುದು. ಚೈನ್‌ಗೆ ಹಾಕದೆ, ದುಡ್ಡು ಖರ್ಚಾಗದೆ, ಸುಮ್ಮನೆ ನಡೆಸಿ ನೋಡುವ ವ್ಯವಸ್ಥೆ ಟ್ರಾನ್‌ನಲ್ಲೇ ಇದೆ. ಒಳ್ಳೆಯ ವಾಲೆಟ್‌ಗಳು ಕೇಳುತ್ತವೆ, ಸಾಲದಿದ್ದರೆ ತಡೆಯುತ್ತವೆ. ಕೆಲವು ಈಗ ಫೀಸನ್ನು ಯುಎಸ್‌ಡಿಟಿಯಲ್ಲೇ ಹಿಡಿದುಕೊಳ್ಳುತ್ತವೆ ಕೂಡ. ಅಂದಮೇಲೆ ಹಾಗೆ ಕೇಳದೆ ಬಟನ್ ತೋರಿಸುವುದು ಶುದ್ಧ ಬೇಜವಾಬ್ದಾರಿ. ನಾವು ಇಲ್ಲಿ ಹಳೆಯ ಡೋಸ್ ನೆನಪಿಟ್ಟುಕೊಂಡು ಹೊಸ ಪೇಷೆಂಟ್‌ಗೆ ಇಂಜೆಕ್ಷನ್ ಕೊಟ್ಟರೆ ಲೈಸೆನ್ಸ್ ಹೋಗುತ್ತದೆ.

ಇನ್ನೊಂದು ಅನ್ಯಾಯ ಇದೆ. ಸಾವಿರಾರು ಟಿಆರ್‌ಎಕ್ಸ್ ಒತ್ತೆ ಇಟ್ಟವರಿಗೆ ಎನರ್ಜಿ ದಿನವೂ ತಾನಾಗಿ ತುಂಬುತ್ತದೆ, ಅವರಿಗೆ ಸುಡುವ ಪ್ರಮೇಯವೇ ಇಲ್ಲ. ತಿಂಗಳಿಗೊಮ್ಮೆ ಕಳಿಸುವ ಕೂಲಿಕಾರರಿಗೆ, ನರ್ಸ್‌ಗಳಿಗೆ ಪೂರ್ತಿ ಬೆಲೆ. 'ಕಡಿಮೆ ಫೀಸ್' ಅನ್ನುವುದು ಯಾರಿಗೆ ಕಡಿಮೆ ಅಂತ ಕೇಳಿಕೊಳ್ಳಿ.

ಊರಿನ ಹುಡುಗರಿಗೆ ನನ್ನ ಉತ್ತರ: ನಾನು ಬ್ಯಾಂಕಿನಲ್ಲೇ ಕಳಿಸುತ್ತೇನೆ. ಅಲ್ಲಿ ನೀವು ಯುಎಸ್‌ಡಿಟಿ ಮಾರುವಾಗ ಶೇಕಡಾ 1 ಟಿಡಿಎಸ್ ತಲೆನೋವು ಇದ್ದೇ ಇದೆ. ಗುರುತಿಲ್ಲದವನು ಹಾಕಿದ ದುಡ್ಡಿನ ಮೇಲೆ ಸೈಬರ್ ಕಂಪ್ಲೇಂಟ್ ಇದ್ದರೆ ಅಪ್ಪನ ಖಾತೆ ಫ್ರೀಜ್ ಆಗುತ್ತದೆ, ಆಗ ಪೊಲೀಸ್ ಸ್ಟೇಷನ್‌ಗೆ ಅಲೆಯುವವರು ನೀವು, ನಾನಲ್ಲ.

ಆದರೂ ಬಳಸುವವರು ಇದ್ದೇ ಇರುತ್ತೀರಿ, ಎರಡು ವಿಷಯ ತಿಳಿದಿರಲಿ. ಸೆಕೆಂಡ್ ಹ್ಯಾಂಡ್ ಬೈಕೋ ಫೋನೋ ಮಾರಿದಾಗ ಯಾರಾದರೂ "ಕಳಿಸಿದ್ದೀನಿ, ನೋಡಿ" ಅಂತ ವ್ಯವಹಾರದ ಉದ್ದ ನಂಬರ್ ತೋರಿಸಿದರೆ ನಂಬಬೇಡಿ. ಎನರ್ಜಿ ಸಾಲದೆ ಸೋತ ಕಳಿಸುವಿಕೆಗೂ ನಂಬರ್ ಇರುತ್ತದೆ. ಟ್ರಾನ್‌ಸ್ಕ್ಯಾನ್‌ನಲ್ಲಿ ಆ ನಂಬರ್ ಹಾಕಿ `SUCCESS` ಅಂತ ಇದೆಯಾ ನೋಡಿ, ನಿಮ್ಮ ಬ್ಯಾಲೆನ್ಸ್ ಏರಿದೆಯಾ ನೋಡಿ, ಆಮೇಲೆ ಕೀ ಕೊಡಿ.

ಇನ್ನೊಂದು, "ನನಗೆ ಇದೆಲ್ಲ ಗೊತ್ತಾಗಲ್ಲ, ಸ್ವಲ್ಪ ಸಹಾಯ ಮಾಡಿ" ಅಂತ ಯಾರೋ ತಮ್ಮ ವಾಲೆಟ್‌ನ ಹನ್ನೆರಡು ಗುಪ್ತ ಪದಗಳನ್ನೇ ಕಾಮೆಂಟ್‌ನಲ್ಲಿ ಹಾಕಿರುತ್ತಾರೆ. ತೆರೆದು ನೋಡಿದರೆ ಒಳಗೆ ಸಾವಿರಾರು ಯುಎಸ್‌ಡಿಟಿ, ಟಿಆರ್‌ಎಕ್ಸ್ ಮಾತ್ರ ಸೊನ್ನೆ. ಈ ಪೋಸ್ಟ್ ಓದಿದವರಿಗೆ ತಟ್ಟನೆ ಹೊಳೆಯುತ್ತದೆ, ಓ, ಎನರ್ಜಿಗೆ ಟಿಆರ್‌ಎಕ್ಸ್ ಹಾಕಿದರೆ ಎತ್ತಿಕೊಳ್ಳಬಹುದು ಅಂತ. ಹಾಕುತ್ತೀರಿ. ಆ ವಾಲೆಟ್‌ನ ಸಹಿ ಹಕ್ಕನ್ನು ಅವರು ಮೊದಲೇ ಬೇರೆ ಖಾತೆಗೆ ಬರೆದುಕೊಂಡಿರುತ್ತಾರೆ. ಗುಪ್ತ ಪದ ನಿಮ್ಮ ಕೈಯಲ್ಲಿದ್ದರೂ ಒಂದು ಪೈಸೆ ಅಲುಗಾಡುವುದಿಲ್ಲ, ನೀವು ಹಾಕಿದ ಟಿಆರ್‌ಎಕ್ಸ್ ಅವರ ಪಾಲು.