ನೋಟಿಸ್‌ನಲ್ಲಿ ಎಷ್ಟು ದುಡ್ಡು, ಯಾವತ್ತಿನೊಳಗೆ ಅಂತ ಎದ್ದು ಕಾಣಬೇಕು

ಪಕ್ಕದ ಹೊಲದ ಮಾವನಿಗೆ ಗೊಬ್ಬರದ ಅಂಗಡಿಯವರ ಕಡೆಯಿಂದ ವಕೀಲರ ನೋಟಿಸ್ ಬಂದಿತ್ತು. ಅವರು ಕೊಟ್ಟ ಚೆಕ್ ಬೌನ್ಸ್ ಆಗಿತ್ತು. ನನಗೆ ತೋರಿಸುವಷ್ಟರಲ್ಲಿ ಕೋರ್ಟಿನ ಸಮನ್ಸೇ ಬಂದಾಗಿತ್ತು. ಅದರಲ್ಲಿದ್ದ ಪ್ಯಾರಾ ಹೀಗಿತ್ತು:

"ಸದರಿ ಚೆಕ್ಕು ಅಮಾನ್ಯಗೊಂಡು ಹಿಂತಿರುಗಿದ್ದು, ಚೆಕ್ಕಿನ ಮೊಬಲಗು ರೂ. 1,18,000, ಅದರ ಮೇಲಿನ ಬಡ್ಡಿ ರೂ. 10,000 ಹಾಗೂ ನೋಟಿಸು ಖರ್ಚು ರೂ. 3,500 ಸೇರಿ ಒಟ್ಟು ರೂ. 1,31,500 ಅನ್ನು ಸದರಿ ನೋಟಿಸು ತಲುಪಿದ 15 ದಿವಸಗಳೊಳಗಾಗಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು."

ಮಾವನ ಹತ್ರ ಹಸು ಮಾರಿದ ದುಡ್ಡು ಸೇರಿ 1,18,000 ಇತ್ತು. "ಪೂರ್ತಿ ಇಲ್ಲದೆ ಹೋಗಿ ಏನ್ ಮಾಡ್ಲಿ" ಅಂತ ಸುಮ್ಮನಿದ್ದರು. ಚೆಕ್ಕಿನ ಹಣ ಅಷ್ಟನ್ನೇ 15 ದಿನದೊಳಗೆ ಕಟ್ಟಿದ್ದರೆ 138ನೇ ಕಲಂ ಕೇಸೇ ಹುಟ್ಟುತ್ತಿರಲಿಲ್ಲ. ಬಡ್ಡಿ ಬೇಕಿದ್ದರೆ ಅಂಗಡಿಯವರು ಸಿವಿಲ್ ದಾವೆ ಹಾಕಬೇಕಿತ್ತು.

ವಕೀಲರನ್ನ ಕೇಳಿದರೆ "ಸರಳ ಮಾಡಿದರೆ ನೋಟಿಸ್ ಬಿದ್ದೋಗುತ್ತೆ" ಅಂತಾರೆ. ನಾನು ಒಪ್ಪಲ್ಲ. ಇದನ್ನೇ ಹೀಗೆ ಬರೆಯಬಹುದಿತ್ತು:

"ಗೊಬ್ಬರದ ಬಾಕಿಗೆ ನೀವು ಕೊಟ್ಟ ರೂ. 1,18,000ದ ಚೆಕ್ಕನ್ನು (ನಂಬರ್, ತಾರೀಖು, ಬ್ಯಾಂಕು), ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಬ್ಯಾಂಕು ಇಂಥ ತಾರೀಖಿನ ಮೆಮೊ ಜೊತೆ ವಾಪಸ್ ಕಳಿಸಿದೆ. ಈ ನೋಟಿಸ್ ನಿಮಗೆ ತಲುಪಿದ 15 ದಿನಗಳೊಳಗೆ ಚೆಕ್ಕಿನ ಹಣ ರೂ. 1,18,000 ಅನ್ನು ನನ್ನ ಕಕ್ಷಿದಾರರಿಗೆ ಕೊಡಬೇಕು. ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕ್ರಿಮಿನಲ್ ದೂರು ಹಾಕುತ್ತೇವೆ. ಬಡ್ಡಿ ರೂ. 10,000, ನೋಟಿಸ್ ಖರ್ಚು ರೂ. 3,500 ಬೇರೆ ಬೇಡಿಕೆ. ಅವನ್ನು ಪ್ರತ್ಯೇಕವಾಗಿ ವಸೂಲು ಮಾಡುವ ಹಕ್ಕು ಉಳಿಸಿಕೊಂಡಿದ್ದೇವೆ."

ಕಾನೂನಿಗೆ ಬೇಕಾದ್ದು ಏನೂ ಬಿಟ್ಟುಹೋಗಿಲ್ಲ. ಹೋಗಿದ್ದು "ಸದರಿ", "ತಕ್ಕದ್ದು" ಅಷ್ಟೇ. ಹಣ ಬಿಡಿಸಿ ಹೇಳೋದು ಕಳಿಸುವವರಿಗೂ ಒಳ್ಳೇದು. ಚೆಕ್ಕಿನ ಮೊತ್ತ ಬೇರೆ ತೋರಿಸದೆ ಬರೀ ಒಟ್ಟು ಹಣ ಕೇಳಿದರೆ ನೋಟಿಸ್ ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ಒಂದು ಕಡೆ ಮಾತ್ರ ಸರಳ ಮಾಡೋಕೆ ಹೋಗಿ ಎಡವಬಾರದು. "ಜೂನ್ 20ರೊಳಗೆ ಕೊಡಿ" ಅಂತ ತಾರೀಖು ಹಾಕಿದರೆ ಓದೋಕೆ ಸುಲಭ, ಆದರೆ ಅಂಚೆ ಜೂನ್ 10ಕ್ಕೆ ತಲುಪಿದರೆ ಕೊಟ್ಟಂಗಾಗೋದು ಹತ್ತೇ ದಿನ. ಅದಕ್ಕೇ "ತಲುಪಿದ 15 ದಿನ" ಅನ್ನೋದನ್ನ ಮುಟ್ಟಬಾರದು. ತಲುಪಿದ ದಿನ ಲೆಕ್ಕಕ್ಕಿಲ್ಲ. ಜೂನ್ 10ಕ್ಕೆ ಸಿಕ್ಕರೆ 25ರವರೆಗೆ ಟೈಮ್ ಇರುತ್ತೆ.

ನಮ್ಮಲ್ಲೂ ವ್ಯಾಪಾರಿ ಚೆಕ್ ಬೌನ್ಸ್ ಆಗಿ ನೋಟಿಸ್ ಕಳಿಸೋರು ಇದ್ದೀರಿ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಕಳಿಸಬೇಕು. ಸಹಿ ಆಗೋ ಮುಂಚೆ ಆ ಪ್ಯಾರಾನ ಮನೆಯಲ್ಲಿ ಒಬ್ಬರ ಹತ್ರ ಓದಿಸಿ, "ಎಷ್ಟು ಕೊಡಬೇಕು, ಯಾವತ್ತಿನೊಳಗೆ?" ಅಂತ ಕೇಳಿ. ಅವರು ತಡವರಿಸಿದರೆ ವಕೀಲರ ಹತ್ರ ವಾಪಸ್ ಒಯ್ಯಿರಿ.