ತಿಂಗಳಿಗೆ ಇಪ್ಪತ್ತೊಂದು ರೂಪಾಯಿ

ಚೆನ್ನೈನ ಅಂಬತ್ತೂರಿನಲ್ಲಿ ಒಂದು ಪ್ಯಾಕಿಂಗ್ ಘಟಕ. ಅಲ್ಲಿ ನಾನು ಗುಮಾಸ್ತ. ಮಾರ್ಚ್ ಕೊನೆಗೆ ವರ್ಷದ ಸಂಬಳದ ಸಾರಾಂಶ ಪಟ್ಟಿಯನ್ನು ತಾಳೆ ನೋಡುವ ಕೆಲಸ ನನ್ನ ಮೇಜಿಗೆ ಬಂತು.

ಓವರ್‌ಟೈಮ್ ಸಾಲಿನಲ್ಲಿ ಕಣ್ಣು ನಿಂತಿತು. 40 ಜನ, ಒಬ್ಬೊಬ್ಬರಿಗೂ ತಿಂಗಳಿಗೆ 12 ಗಂಟೆ, ವರ್ಷಕ್ಕೆ ಒಟ್ಟು 5,760 ಗಂಟೆ. ಕೊಟ್ಟದ್ದು 7,48,800 ರೂಪಾಯಿ. ಭಾಗಿಸಿದರೆ ಗಂಟೆಗೆ ಸರಿಯಾಗಿ 130, ಪೈಸೆಯ ಸುಳಿವೇ ಇಲ್ಲ. ಆದರೆ ಎಲ್ಲರ ಸಂಬಳ 13,700. ಅದನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಹಂಚಿದರೆ 65 ರೂಪಾಯಿ 87 ಪೈಸೆ. ಓವರ್‌ಟೈಮಿಗೆ ಎರಡರಷ್ಟು ಅಂದರೆ ಸುಮಾರು 131.73. ಹಾಗಾದರೆ ಈ 130 ಎಲ್ಲಿಂದ ಬಂತು?

ಎಕ್ಸೆಲ್ ಹಾಳೆಯ ಸೂತ್ರ ನೋಡಿದೆ. B2 ಸಂಬಳ, C2 ಗಂಟೆ.

```
=INT(B2/26/8)*2*C2
```

INT ಪೈಸೆಯನ್ನು ಹತ್ತಿರದ ರೂಪಾಯಿಗೆ ಸೇರಿಸುವುದಿಲ್ಲ, ಕತ್ತರಿಸಿ ಎಸೆಯುತ್ತದೆ. 65.87 ಅದಕ್ಕೆ 65. ಅದೂ ಲೆಕ್ಕದ ನಡುವೆಯೇ ಕತ್ತರಿಸಿದ್ದರಿಂದ, ಮುಂದಿನ ಗುಣಾಕಾರದಲ್ಲಿ ಕಳೆದುಹೋದ ಪೈಸೆಯೂ ಬೆಳೆಯುತ್ತದೆ. ಕೊನೆಗೆ ಒಂದೇ ಸಲ ಪೂರ್ಣಾಂಕ ಮಾಡಬೇಕು:

```
=ROUND(B2/26/8*2*C2,0)
```

ಈಗ ತಿಂಗಳಿಗೆ 1,581 ಬಂತು. ಕೊಟ್ಟಿದ್ದು 1,560. ತಿಂಗಳಿಗೆ 21, ವರ್ಷಕ್ಕೆ 252, ನಲವತ್ತು ಜನಕ್ಕೆ 10,080 ರೂಪಾಯಿ.

ಅಕೌಂಟೆಂಟ್ ಹಿರಿಯರು. ಪಟ್ಟಿ ತೋರಿಸಿದಾಗ ನಕ್ಕರು. "ರೌಂಡಿಂಗ್ ಅಂದ್ರೆ ಹಾಗೇ ಅಲ್ಲವೇನಪ್ಪಾ? ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ."

"ಒಮ್ಮೆಯಾದರೂ ಹೆಚ್ಚಾಗಿದೆಯಾ ಸಾರ್?" ಎಂದೆ. ನ್ಯಾಯವಾದ ರೌಂಡಿಂಗ್‌ನಲ್ಲಿ ವ್ಯತ್ಯಾಸ ಎರಡೂ ಕಡೆ ಬೀಳುತ್ತದೆ, ಬಹುಪಾಲು ತಾನೇ ವಜಾ ಆಗುತ್ತದೆ. ಇಲ್ಲಿ 480 ಪಾವತಿಗಳಲ್ಲಿ ಎಲ್ಲವೂ ಒಂದೇ ಕಡೆಗೆ ಕಡಿಮೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕತೆ ಹೇಳಿದೆ. 1982ರಲ್ಲಿ ಅಲ್ಲಿನ ಸೂಚ್ಯಂಕ 1000ದಿಂದ ಶುರುವಾಯಿತು. ಪ್ರತಿ ವಹಿವಾಟಿನಲ್ಲೂ ಮೂರನೆಯ ದಶಮಾಂಶದ ನಂತರದ್ದನ್ನು ಕತ್ತರಿಸುತ್ತಿದ್ದರು. 1983ರ ನವೆಂಬರಿನಲ್ಲಿ ಸೂಚ್ಯಂಕ 525ರ ಆಸುಪಾಸಿತ್ತು. ಲೆಕ್ಕ ಸರಿಪಡಿಸಿದಾಗ ಅದು 1098.

ಅವರ ನಗು ನಿಂತಿತು. ಕ್ಯಾಲ್ಕುಲೇಟರ್ ತಗೊಂಡು ತಾವೇ ಒಂದು ಹೆಸರಿಗೆ ಲೆಕ್ಕ ಹಾಕಿದರು. ಮತ್ತೊಂದಕ್ಕೆ ಹಾಕಿದರು. ಆಮೇಲೆ ಕೇಳಿದರು, "ಮುದಲಾಳಿ ಹಿಂದಿನ ವರ್ಷದ್ದೂ ಕೇಳಿದರೆ?"

"ಅದೇ ಸೂತ್ರ ಸಾರ್. ಅದನ್ನೂ ತೆಗೆದಿಟ್ಟಿದ್ದೇನೆ."

ಏಪ್ರಿಲ್ ಸಂಬಳದ ಚೀಟಿಯಲ್ಲಿ 'ಬಾಕಿ' ಎಂಬ ಹೊಸ ಸಾಲು ಬಂತು. ಲೋಡಿಂಗ್‌ನಲ್ಲಿರುವ ರಾಯಚೂರು ಕಡೆಯ ಹಿರಿಯರೊಬ್ಬರು ಚೀಟಿ ಹಿಡಿದು ನನ್ನ ಹತ್ತಿರ ಬಂದರು. "ತಮ್ಮಾ, ಇದು ಬೋನಸ್ಸಾ?"

"ಅಲ್ಲ ಅಣ್ಣಾ, ನಿಮ್ಮದೇ ದುಡ್ಡು."

ಚೀಟಿ ಮಡಚಿ ಜೇಬಿಗಿಟ್ಟರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು ಕೇಳಿದರು: "ಹಂಗಾದ್ರ ಪಿಎಫ್‌ನಾಗಿನ ಲೆಕ್ಕಾನೂ ಒಮ್ಮೆ ನೋಡ್ತೀಯೇನು?"